ಅವಧಿಗೆ ಮುಂಚೆ ತೀರುವ ಸಾಲ: ಕಾಲಬಲ್ ಬಾಂಡಿನ ಎರಡು ಇಳುವರಿಗಳು

ಅವಧಿ ಮುಗಿಯುವ ಮೊದಲೇ ಹಣ ಹಿಂದಿರುಗಿಸಿ ಸಾಲ ತೀರಿಸುವ ಹಕ್ಕನ್ನು ಸಾಲ ಪಡೆದ ಸಂಸ್ಥೆ ತನ್ನ ಬಳಿ ಇಟ್ಟುಕೊಂಡಿರುವ ಬಾಂಡಿಗೆ ಕಾಲಬಲ್ ಬಾಂಡ್ ಎನ್ನುತ್ತಾರೆ. ಆ ಹಕ್ಕೇ ಕಾಲ್ ಆಯ್ಕೆ. ಅದನ್ನು ಯಾವ ದಿನದಿಂದ ಚಲಾಯಿಸಬಹುದು, ಚಲಾಯಿಸಿದರೆ ಬಾಂಡ್ ಹೊಂದಿದವರಿಗೆ ಎಷ್ಟು ಹಣ ಕೊಡಬೇಕು ಎಂಬ ಎರಡೂ ವಿವರಗಳು ಬಾಂಡಿನ ಷರತ್ತಿನಲ್ಲಿ ಮೊದಲೇ ಬರೆದಿರುತ್ತವೆ. ಮೊದಲನೆಯದು ಕಾಲ್ ದಿನಾಂಕ, ಎರಡನೆಯದು ಕಾಲ್ ಬೆಲೆ. ಮಾರುಕಟ್ಟೆಯಲ್ಲಿ ಬಡ್ಡಿ ಇಳಿದಾಗ ಮನೆ ಸಾಲವನ್ನು ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಳ್ಳುವ ಗ್ರಾಹಕ ಮಾಡುವುದನ್ನೇ ಇಲ್ಲಿ ಕಂಪನಿಯೋ ಬ್ಯಾಂಕೋ ಮಾಡುತ್ತದೆ: ಕಡಿಮೆ ಬಡ್ಡಿಯ ಹೊಸ ಸಾಲ ಎತ್ತಿ, ದುಬಾರಿಯಾದ ಹಳೆಯ ಸಾಲವನ್ನು ತೀರಿಸುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಸಾಲ ಕೊಟ್ಟವರ ಸ್ಥಾನದಲ್ಲಿರುವುದು ಹೂಡಿಕೆದಾರರು. ತೀರಿಸುತ್ತೇನೆ ಎಂದು ಕಂಪನಿ ಹೇಳಿದಾಗ ಬೇಡ ಎನ್ನುವ ಅಧಿಕಾರ ಅವರಿಗಿಲ್ಲ.

ಇಂಥ ಬಾಂಡನ್ನು ಕೊಳ್ಳುವವರ ಮುಂದೆ ಸಾಮಾನ್ಯವಾಗಿ ಎರಡು ಶೇಕಡಾವಾರು ಅಂಕಿಗಳಿರುತ್ತವೆ. ಒಂದು ಯೀಲ್ಡ್ ಟು ಮೆಚ್ಯೂರಿಟಿ, ಅಂದರೆ ಬಾಂಡನ್ನು ಅವಧಿಯ ಕೊನೆಯವರೆಗೆ ಇಟ್ಟುಕೊಂಡರೆ ಸಿಗುವ ವಾರ್ಷಿಕ ಇಳುವರಿ. ಇನ್ನೊಂದು ಯೀಲ್ಡ್ ಟು ಕಾಲ್, ಅಂದರೆ ಕಾಲ್ ದಿನದಂದೇ ಹಣ ವಾಪಸು ಬಂದರೆ ಸಿಗುವ ಇಳುವರಿ. ವ್ಯವಹಾರದವರ ಬಾಯಲ್ಲಿ ಇವು ವೈಟಿಎಂ ಮತ್ತು ವೈಟಿಸಿ. ಎರಡರ ಹಿಂದಿರುವ ಲೆಕ್ಕದ ವಿಧಾನ ಒಂದೇ. ಮುಂದೆ ಬರಲಿರುವ ಬಡ್ಡಿ ಮತ್ತು ಅಸಲನ್ನೆಲ್ಲ ಯಾವ ದರದಲ್ಲಿ ಕಡಿತ ಮಾಡಿ ಇಂದಿನ ಮೌಲ್ಯಕ್ಕೆ ತಂದರೆ ಅದು ಇಂದು ಕೊಟ್ಟ ಬೆಲೆಗೆ ಸಮವಾಗುತ್ತದೋ ಆ ದರವೇ ಇಳುವರಿ. ವೈಟಿಸಿ ಲೆಕ್ಕದಲ್ಲಿ ಬದಲಾಗುವುದು ಎರಡೇ ಅಂಕಿ: ಅವಧಿಯ ಕೊನೆಯ ದಿನದ ಜಾಗಕ್ಕೆ ಕಾಲ್ ದಿನಾಂಕ ಬರುತ್ತದೆ, ಮುಖಬೆಲೆಯ ಜಾಗಕ್ಕೆ ಕಾಲ್ ಬೆಲೆ ಬರುತ್ತದೆ. ಆದರೆ ಈ ಸಣ್ಣ ಬದಲಾವಣೆಯಿಂದ ಉತ್ತರ ಎಷ್ಟು ದೂರ ಸರಿಯಬಹುದು ಎಂಬುದು ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿದಾಗಲೇ ಕಾಣುತ್ತದೆ.

1,000 ರೂಪಾಯಿ ಮುಖಬೆಲೆಯ, ವರ್ಷಕ್ಕೆ ಶೇ 10ರಂತೆ ಬಡ್ಡಿ ಕೊಡುವ ಒಂದು ಬಾಂಡನ್ನು ಊಹಿಸಿಕೊಳ್ಳಬಹುದು. ಅವಧಿ ಮುಗಿಯಲು ಇನ್ನೂ 10 ವರ್ಷ ಇದೆ. ಆದರೆ 3 ವರ್ಷದ ನಂತರ 1,020 ರೂಪಾಯಿ ಕೊಟ್ಟು ಸಾಲ ತೀರಿಸುವ ಹಕ್ಕು ಕಂಪನಿಗಿದೆ. ಬಾಂಡ್ ಹೊರಬಂದ ಮೇಲೆ ಬಡ್ಡಿದರಗಳು ಇಳಿದಿವೆ. ಇದೇ ಗುಣಮಟ್ಟದ, ಕಾಲ್ ಆಯ್ಕೆ ಇಲ್ಲದ ಬಾಂಡ್‌ಗಳು ಈಗ ಶೇ 8 ಇಳುವರಿ ಕೊಡುತ್ತಿವೆ. ಹಾಗಾಗಿ ಶೇ 10ರ ಈ ಬಾಂಡಿಗೆ ಬೇಡಿಕೆ ಇದೆ, ಮಾರುವವರು 1,120 ರೂಪಾಯಿ ಕೇಳುತ್ತಿದ್ದಾರೆ.

ಹತ್ತು ವರ್ಷ ಇಟ್ಟುಕೊಂಡರೆ ಏನಾಗುತ್ತದೆ? ಪ್ರತಿವರ್ಷ 100 ರೂಪಾಯಿ ಬಡ್ಡಿ ಬರುತ್ತದೆ. ಕೊನೆಗೆ ಕೈಗೆ ಬರುವುದು ಮುಖಬೆಲೆಯಾದ 1,000 ರೂಪಾಯಿ ಮಾತ್ರ, ಕೊಟ್ಟ 1,120 ಅಲ್ಲ. ಈ 120 ರೂಪಾಯಿ ನಷ್ಟ ಹತ್ತು ವರ್ಷಕ್ಕೆ ಹಂಚಿಹೋಗುತ್ತದೆ, ವರ್ಷಕ್ಕೆ 12 ರೂಪಾಯಿ. ಅಂದರೆ ನಿಜವಾದ ವಾರ್ಷಿಕ ಗಳಿಕೆ 88. ಕೊಟ್ಟ ಬೆಲೆ ಮತ್ತು ಕೊನೆಗೆ ಬರುವ ಹಣದ ಸರಾಸರಿ 1,060. 88ನ್ನು 1,060ರಿಂದ ಭಾಗಿಸಿದರೆ ಶೇ 8.3 ಬರುತ್ತದೆ. ಇದು ಕೈಲೆಕ್ಕ, ಕರಾರುವಾಕ್ಕಾಗಿ ಲೆಕ್ಕ ಹಾಕಿದರೆ ವೈಟಿಎಂ ಶೇ 8.20. ಮಾರುಕಟ್ಟೆಯ ಶೇ 8ಕ್ಕಿಂತ ತುಸು ಹೆಚ್ಚೇ ಇದೆ, ಕೊಳ್ಳುವವರಿಗೆ ಒಳ್ಳೆಯ ವ್ಯಾಪಾರ ಎನಿಸುತ್ತದೆ.

ಮೂರು ವರ್ಷಕ್ಕೆ ಕಂಪನಿ ಸಾಲ ತೀರಿಸಿದರೆ ಚಿತ್ರವೇ ಬೇರೆ. ಬಡ್ಡಿ ವರ್ಷಕ್ಕೆ 100 ರೂಪಾಯಿಯಂತೆಯೇ ಬರುತ್ತದೆ. ಆದರೆ 1,120 ಕೊಟ್ಟಲ್ಲಿ 1,020 ವಾಪಸು ಬರುವುದರಿಂದ ಆಗುವ 100 ರೂಪಾಯಿ ನಷ್ಟವನ್ನು ಮೂರೇ ವರ್ಷದಲ್ಲಿ ನುಂಗಿಕೊಳ್ಳಬೇಕು, ವರ್ಷಕ್ಕೆ 33 ರೂಪಾಯಿಗೂ ಹೆಚ್ಚು. ಉಳಿಯುವ ಗಳಿಕೆ ವರ್ಷಕ್ಕೆ ಸುಮಾರು 66 ರೂಪಾಯಿ 67 ಪೈಸೆ. ಸರಾಸರಿ ಹೂಡಿಕೆ 1,070 ರೂಪಾಯಿ. ಕೈಲೆಕ್ಕಕ್ಕೆ ಶೇ 6.2, ಕರಾರುವಾಕ್ಕಾದ ವೈಟಿಸಿ ಶೇ 6.13. ಅದೇ ಬಾಂಡ್, ಅದೇ ಬೆಲೆ, ಅದೇ ಬಡ್ಡಿ. ಆದರೂ ಎರಡು ಇಳುವರಿಗಳ ನಡುವೆ ಶೇಕಡಾ ಎರಡಕ್ಕಿಂತ ಹೆಚ್ಚು ಅಂತರ. ಮುಖಬೆಲೆಗಿಂತ ಹೆಚ್ಚಾಗಿ ಕೊಟ್ಟ ಹಣ ಕರಗಲು ಹತ್ತು ವರ್ಷ ಸಿಕ್ಕಿದ್ದರೆ ಅದು ಹೊರೆಯೆನಿಸುತ್ತಿರಲಿಲ್ಲ. ಮೂರೇ ವರ್ಷದಲ್ಲಿ ಕರಗಬೇಕಾದಾಗ ಬಡ್ಡಿಯ ಮೂರನೇ ಒಂದು ಭಾಗವನ್ನೇ ಅದು ತಿಂದುಹಾಕುತ್ತದೆ.

ಎಕ್ಸೆಲ್‌ನಂಥ ಸ್ಪ್ರೆಡ್‌ಶೀಟ್ ಇದ್ದವರು ಎರಡನ್ನೂ ತಾವೇ ಪರೀಕ್ಷಿಸಿ ನೋಡಬಹುದು. ವರ್ಷಗಳ ಸಂಖ್ಯೆ, ವಾರ್ಷಿಕ ಬಡ್ಡಿ, ಕೊಟ್ಟ ಬೆಲೆ, ಕೊನೆಗೆ ಬರುವ ಹಣ ಇವನ್ನು ಇದೇ ಕ್ರಮದಲ್ಲಿ ಕೊಡಬೇಕು. ಕೊಟ್ಟ ಬೆಲೆ ಕೈಯಿಂದ ಹೋದ ಹಣವಾದ್ದರಿಂದ ಅದಕ್ಕೆ ಋಣ ಚಿಹ್ನೆ ಇರಬೇಕು.

```
=RATE(10, 100, -1120, 1000)
=RATE(3, 100, -1120, 1020)
```

ಮೊದಲನೆಯ ಸಾಲಿನ ಉತ್ತರ ವೈಟಿಎಂ, ಎರಡನೆಯದರದು ವೈಟಿಸಿ. ಉತ್ತರ ಪೂರ್ಣಾಂಕವಾಗಿ ಕಂಡರೆ ಆ ಕೋಶದಲ್ಲಿ ದಶಮಾಂಶ ಸ್ಥಾನಗಳನ್ನು ಹೆಚ್ಚಿಸಬೇಕು. ಬಡ್ಡಿ ಆರು ತಿಂಗಳಿಗೊಮ್ಮೆ ಬರುವ ಬಾಂಡಾದರೆ ಕಂತುಗಳನ್ನು ಇಮ್ಮಡಿಯಾಗಿಸಿ, ಬಡ್ಡಿಯನ್ನು ಅರ್ಧ ಮಾಡಿ, ಬಂದ ಉತ್ತರವನ್ನು ಎರಡರಿಂದ ಗುಣಿಸುವುದು ವಾಡಿಕೆ.

ಈಗ ಕಂಪನಿಯ ಕಡೆಯಿಂದ ನೋಡಬೇಕು, ಏಕೆಂದರೆ ಯಾವ ಇಳುವರಿ ನಿಜವಾಗುತ್ತದೆ ಎಂಬುದನ್ನು ತೀರ್ಮಾನಿಸುವುದು ಕಂಪನಿಯ ಲೆಕ್ಕವೇ ಹೊರತು ಹೂಡಿಕೆದಾರರ ಆಸೆಯಲ್ಲ. ಮೂರು ವರ್ಷ ಕಳೆದಾಗಲೂ ಮಾರುಕಟ್ಟೆ ದರ ಶೇ 8ರಲ್ಲೇ ಇದೆ ಎಂದುಕೊಂಡರೆ, ಹಳೆಯ ಸಾಲವನ್ನು ಮುಂದುವರಿಸಿದ ಕಂಪನಿ ಪ್ರತಿ 1,000 ರೂಪಾಯಿಗೆ ವರ್ಷಕ್ಕೆ 20 ರೂಪಾಯಿ ಹೆಚ್ಚು ಬಡ್ಡಿ ತೆರುತ್ತಿರುತ್ತದೆ. ಉಳಿದ 7 ವರ್ಷದ ಆ ಉಳಿತಾಯದ ಇಂದಿನ ಮೌಲ್ಯ ಸುಮಾರು 104 ರೂಪಾಯಿ. ಅದನ್ನು ಗಳಿಸಲು ಕೊಡಬೇಕಾದ ಹೆಚ್ಚುವರಿ ಹಣ 20 ರೂಪಾಯಿ, ಜೊತೆಗೆ ಹೊಸ ಬಾಂಡ್ ಹೊರಡಿಸುವ ಖರ್ಚು. ಖರ್ಚು ಹತ್ತು ಹದಿನೈದು ರೂಪಾಯಿ ಎಂದು ಹಿಡಿದರೂ ಕಂಪನಿಗೆ ಲಾಭವೇ. ಇಂಥ ಸ್ಥಿತಿಯಲ್ಲಿ ಸಾಲ ತೀರಿಸದೆ ಬಿಡುವ ಹಣಕಾಸು ಅಧಿಕಾರಿ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿಲ್ಲ ಎಂದೇ ಅರ್ಥ. ಆದ್ದರಿಂದ 1,120 ಕೊಟ್ಟವರು ಶೇ 6.13ನ್ನೇ ನಂಬಿ ನಡೆಯಬೇಕು, ಶೇ 8.20 ಅವರ ಕೈಗೆ ಬರುವ ಸಾಧ್ಯತೆ ಇರುವುದು ಮೂರು ವರ್ಷದೊಳಗೆ ದರಗಳು ಮತ್ತೆ ಏರಿದಾಗ ಮಾತ್ರ. ಹಾಗೆ ಏರಿದಾಗ ಶೇ 8.20 ಅಷ್ಟೇನೂ ಆಕರ್ಷಕವಾಗಿ ಉಳಿದಿರುವುದಿಲ್ಲ.

ಇದರಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಶೇ 8 ಗಳಿಸಬೇಕೆಂದಿರುವವರು ಈ ಬಾಂಡಿಗೆ 1,120 ಕೊಡಬಾರದಿತ್ತು. ಮೂರು ವರ್ಷದ ಬಡ್ಡಿ ಮತ್ತು 1,020 ರೂಪಾಯಿಯನ್ನು ಶೇ 8ರ ದರದಲ್ಲಿ ಇಂದಿನ ಮೌಲ್ಯಕ್ಕೆ ತಂದರೆ ಬರುವುದು ಸುಮಾರು 1,067 ರೂಪಾಯಿ. ಅದಕ್ಕಿಂತ ಹೆಚ್ಚು ಕೊಡಲು ಕಾರಣವಿಲ್ಲ. ದರ ಏರಿದರೆ ಬಾಂಡ್ ಹತ್ತು ವರ್ಷ ಕೈಯಲ್ಲೇ ಉಳಿಯುವ ಅಪಾಯ ಇರುವುದರಿಂದ ಇನ್ನೂ ಸ್ವಲ್ಪ ಕಡಿಮೆಯೇ ಕೊಡಬೇಕು. ಈ 1,067ರ ಬೆಲೆಯಲ್ಲಿ ಅದೇ ಬಾಂಡಿನ ವೈಟಿಎಂ ಸುಮಾರು ಶೇ 8.95 ಎಂದು ಕಾಣುತ್ತದೆ. ಕಾಲ್ ಆಯ್ಕೆ ಇಲ್ಲದ ಬಾಂಡಿಗೆ ಹೋಲಿಸಿದರೆ ಸುಮಾರು ಶೇ 1ರಷ್ಟು ಹೆಚ್ಚು. ಮಾರಾಟದ ಪಟ್ಟಿಗಳಲ್ಲಿ ಕಾಲಬಲ್ ಬಾಂಡ್‌ಗಳ ವೈಟಿಎಂ ಅಕ್ಕಪಕ್ಕದ ಬಾಂಡ್‌ಗಳಿಗಿಂತ ಎತ್ತರದಲ್ಲಿ ಕಾಣುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಅದು ಔದಾರ್ಯವೂ ಅಲ್ಲ, ಮಾರುಕಟ್ಟೆಯ ಕಣ್ತಪ್ಪೂ ಅಲ್ಲ. ಕಂಪನಿಗೆ ಬಿಟ್ಟುಕೊಟ್ಟ ಹಕ್ಕಿನ ಬೆಲೆ.

ದರಗಳು ಇನ್ನೂ ಇಳಿದಾಗ ಈ ಹಕ್ಕು ಬೆಲೆಗೆ ಹೇಗೆ ಮಿತಿ ಹಾಕುತ್ತದೆ ಎಂಬುದೂ ಗಮನಾರ್ಹ. ಮಾರುಕಟ್ಟೆ ದರ ಶೇ 8ರಿಂದ ಶೇ 6ಕ್ಕೆ ಕುಸಿದರೆ, ಕಾಲ್ ಆಯ್ಕೆ ಇಲ್ಲದ ಶೇ 10ರ ಹತ್ತು ವರ್ಷದ ಬಾಂಡ್ 1,134ರಿಂದ 1,294 ರೂಪಾಯಿಗೆ ಏರುತ್ತದೆ. ಕಾಲಬಲ್ ಬಾಂಡ್ 1,067ರಿಂದ ಹೆಚ್ಚೆಂದರೆ 1,124ರವರೆಗೆ ಹೋಗಬಹುದು. ಮೂರು ವರ್ಷದಲ್ಲಿ 1,020 ಕೊಟ್ಟು ತೀರಿಸಲಾಗುವ ಪತ್ರಕ್ಕೆ ಅದಕ್ಕಿಂತ ಹೆಚ್ಚು ಕೊಡುವವರಿಲ್ಲ. ದರ ಏರಿದಾಗ ಮಾತ್ರ ಅದು ಸಾಮಾನ್ಯ ದೀರ್ಘಾವಧಿ ಬಾಂಡಿನಂತೆಯೇ ಕುಸಿಯುತ್ತದೆ.

ಮುಖಬೆಲೆಗಿಂತ ಕಡಿಮೆಗೆ ಸಿಗುವ ಬಾಂಡಿನಲ್ಲಿ ಎಲ್ಲವೂ ತಲೆಕೆಳಗು. ಅದೇ ಬಾಂಡ್, ಬಡ್ಡಿದರ ಏರಿದ ಕಾಲದಲ್ಲಿ 920 ರೂಪಾಯಿಗೆ ಸಿಗುತ್ತಿದೆ ಎಂದುಕೊಂಡರೆ ಅದರ ವೈಟಿಎಂ ಸುಮಾರು ಶೇ 11.4, ವೈಟಿಸಿ ಸುಮಾರು ಶೇ 14. ಮೂರೇ ವರ್ಷದಲ್ಲಿ 100 ರೂಪಾಯಿ ಬಂಡವಾಳ ಲಾಭ ಸೇರುವುದರಿಂದ ಎರಡನೆಯ ಅಂಕಿ ಅಷ್ಟು ದೊಡ್ಡದು. ಆದರೆ ಪೇಟೆಯಲ್ಲಿ 920ಕ್ಕೆ ಸಿಗುವ ತನ್ನದೇ ಪತ್ರಕ್ಕೆ ಕಂಪನಿ 1,020 ಕೊಡಬೇಕಾದ ಕಾರಣವೇನೂ ಇಲ್ಲ. ಹೊಸ ಸಾಲಕ್ಕೆ ಶೇ 11ಕ್ಕೂ ಹೆಚ್ಚು ಬಡ್ಡಿ ಕೊಡಬೇಕಿರುವಾಗ ಶೇ 10ರ ಹಳೆಯ ಸಾಲ ಅದಕ್ಕೆ ಅಗ್ಗ. ಇಲ್ಲಿ ನಂಬಬಹುದಾದ ಅಂಕಿ ವೈಟಿಎಂ. ಎಚ್ಚರಿಕೆಯ ಹೂಡಿಕೆದಾರರು ಸಾಧ್ಯವಿರುವ ಪ್ರತಿ ಕಾಲ್ ದಿನಾಂಕಕ್ಕೂ ಇಳುವರಿ ಲೆಕ್ಕ ಹಾಕಿ, ವೈಟಿಎಂ ಜೊತೆ ಇಟ್ಟು, ಎಲ್ಲಕ್ಕಿಂತ ಚಿಕ್ಕದನ್ನು ಆರಿಸಿಕೊಳ್ಳುವುದು ಇದೇ ಕಾರಣಕ್ಕೆ. ಅದಕ್ಕೆ ಯೀಲ್ಡ್ ಟು ವರ್ಸ್ಟ್ ಎಂಬ ಹೆಸರಿದೆ. ಹೆಸರು ಹೆದರಿಸುವಂತಿದ್ದರೂ ಆಯ್ಕೆ ಎದುರು ಪಕ್ಷದ ಕೈಯಲ್ಲಿರುವಾಗ ಅದೇ ಪ್ರಾಮಾಣಿಕವಾದ ಅಂಕಿ. ಆದರೆ ಅದಕ್ಕೂ ಒಂದು ಮಿತಿಯಿದೆ: ಕಂಪನಿ ಬಡ್ಡಿಯನ್ನೇ ಕೊಡದೆ ಹೋಗುವ ಅಪಾಯ ಅದರ ಲೆಕ್ಕದಲ್ಲಿ ಸೇರಿಲ್ಲ.

ಎರಡು ಶೇಕಡಾವಾರುಗಳನ್ನು ಪಕ್ಕಪಕ್ಕ ಇಟ್ಟು ನೋಡುವುದರಲ್ಲೂ ಒಂದು ಮೋಸವಿದೆ. ಅವು ಬೇರೆ ಬೇರೆ ಅವಧಿಯವು. ಹಣ ಬೇಗ ವಾಪಸು ಬಂದ ಮೇಲೆ ಅದು ಎಷ್ಟು ಗಳಿಸುತ್ತದೆ ಎಂಬುದನ್ನು ವೈಟಿಸಿ ಹೇಳುವುದಿಲ್ಲ. ಗುಜರಾತಿನ ಸರ್ದಾರ್ ಸರೋವರ ನರ್ಮದಾ ನಿಗಮದ ಬಾಂಡ್‌ಗಳು ಇದನ್ನು ಚೆನ್ನಾಗಿ ತೋರಿಸುತ್ತವೆ. 1993ರಲ್ಲಿ 3,600 ರೂಪಾಯಿಗೆ ಮಾರಾಟವಾದ ಆ ಬಾಂಡ್‌ಗಳಿಗೆ ನಡುವೆ ಬಡ್ಡಿಯಿಲ್ಲ. ಇಪ್ಪತ್ತು ವರ್ಷದ ನಂತರ, 2014ರ ಜನವರಿಯಲ್ಲಿ, 1,11,000 ರೂಪಾಯಿ ಕೊಡುವ ಭರವಸೆಯಿತ್ತು. ವಾರ್ಷಿಕ ಇಳುವರಿಯಲ್ಲಿ ಹೇಳುವುದಾದರೆ ಸುಮಾರು ಶೇ 18.7. ಬಡ್ಡಿದರಗಳು ಕುಸಿದ ಮೇಲೆ ಈ ಹೊರೆ ಅಸಾಧ್ಯವೆನಿಸಿ, ಬಾಂಡ್‌ಗಳನ್ನು ಮುಂಚಿತವಾಗಿ ತೀರಿಸುವ ಅಧಿಕಾರವನ್ನು ನಿಗಮಕ್ಕೆ ಕೊಡುವ ಕಾಯ್ದೆಯನ್ನೇ ಗುಜರಾತ್ ವಿಧಾನಸಭೆ 2008ರಲ್ಲಿ ತಂದಿತು. 2009ರ ಜನವರಿಯಲ್ಲಿ ಪ್ರತಿ ಬಾಂಡಿಗೆ 50,000 ರೂಪಾಯಿ ನಿಗದಿಯಾಯಿತು. ಹದಿನೈದು ವರ್ಷಕ್ಕೆ 3,600 ರೂಪಾಯಿ 50,000 ಆದರೆ ಇಳುವರಿ ಸುಮಾರು ಶೇ 19.2, ಅಂದರೆ ಪೂರ್ಣಾವಧಿಯ ಇಳುವರಿಗಿಂತ ಹೆಚ್ಚು! ಹಾಗಿದ್ದರೂ ಹೂಡಿಕೆದಾರರಿಗೆ ದೊಡ್ಡ ನಷ್ಟವೇ ಆಯಿತು. ಉಳಿದ ಐದು ವರ್ಷದಲ್ಲಿ 50,000 ರೂಪಾಯಿ 1,11,000 ಆಗಬೇಕಿತ್ತು, ವರ್ಷಕ್ಕೆ ಶೇ 17ಕ್ಕೂ ಮೇಲೆ. 2009ರಲ್ಲಿ ಯಾವ ಸುರಕ್ಷಿತ ಠೇವಣಿಯೂ ಅದರ ಹತ್ತಿರಕ್ಕೆ ಬರುತ್ತಿರಲಿಲ್ಲ. ಹೀಗೆ ಮರುಹೂಡಿಕೆಯ ನಷ್ಟ ಇಳುವರಿಯ ಅಂಕಿಯೊಳಗೆ ಕಾಣದೆ ಅದರ ಆಚೆ ಕೂತಿರುತ್ತದೆ.

ಭಾರತದಲ್ಲಿ ವೈಟಿಸಿ ಮತ್ತು ವೈಟಿಎಂ ಚರ್ಚೆ ನಿಜಕ್ಕೂ ಕಾವೇರಿದ್ದು ಬ್ಯಾಂಕುಗಳ ಎಟಿ1 ಬಾಂಡ್‌ಗಳ ವಿಷಯದಲ್ಲಿ. ಬಾಸೆಲ್ 3 ನಿಯಮಗಳಂತೆ ಬ್ಯಾಂಕು ತನ್ನ ಬಂಡವಾಳ ಬಲಪಡಿಸಲು ಹೊರಡಿಸುವ ಈ ಬಾಂಡ್‌ಗಳಿಗೆ ಕೊನೆಯ ದಿನಾಂಕವೇ ಇಲ್ಲ. ಕನಿಷ್ಠ ಐದು ವರ್ಷದ ನಂತರ, ಅದೂ ರಿಸರ್ವ್ ಬ್ಯಾಂಕಿನ ಅನುಮತಿ ಪಡೆದು, ಬ್ಯಾಂಕು ಕಾಲ್ ಆಯ್ಕೆ ಚಲಾಯಿಸಬಹುದು. ಕೊನೆಯ ದಿನವಿಲ್ಲದ ಪತ್ರಕ್ಕೆ ವೈಟಿಎಂ ಹಾಕುವುದು ಹೇಗೆ? ಮಾರುಕಟ್ಟೆ ಸುಲಭದ ದಾರಿ ಹಿಡಿಯಿತು: ಐದನೇ ವರ್ಷಕ್ಕೆ ಬ್ಯಾಂಕು ಹಣ ಹಿಂದಿರುಗಿಸಿಯೇ ತೀರುತ್ತದೆ ಎಂದು ಭಾವಿಸಿ, ವೈಟಿಸಿಯನ್ನೇ ಬಾಂಡಿನ ಇಳುವರಿ ಎಂದು ಹೇಳತೊಡಗಿತು. ವಿಚಿತ್ರವೆಂದರೆ, ಕಾಲ್ ಆಯ್ಕೆಯನ್ನು ಚಲಾಯಿಸುತ್ತೇವೆ ಎಂಬ ನಿರೀಕ್ಷೆ ಹುಟ್ಟಿಸುವಂಥ ಯಾವುದನ್ನೂ ಬ್ಯಾಂಕು ಮಾಡಬಾರದು ಎಂದು ಬಾಸೆಲ್ ನಿಯಮವೇ ಹೇಳುತ್ತದೆ.

2021ರ ಮಾರ್ಚ್ 10ರಂದು ಸೆಬಿ ಒಂದು ಸುತ್ತೋಲೆ ಹೊರಡಿಸಿ, ಮ್ಯೂಚುವಲ್ ಫಂಡ್‌ಗಳು ಇಂಥ ಬಾಂಡ್‌ಗಳ ಅವಧಿಯನ್ನು 100 ವರ್ಷ ಎಂದು ಪರಿಗಣಿಸಿ ಬೆಲೆ ಕಟ್ಟಬೇಕು ಎಂದಿತು. ತಕ್ಷಣ ಗಾಬರಿ ಹುಟ್ಟಿತು. ಕಾರಣ ಲೆಕ್ಕದಲ್ಲೇ ಇದೆ. 100 ರೂಪಾಯಿ ಮುಖಬೆಲೆಯ, ಶೇ 8 ಬಡ್ಡಿಯ ಬಾಂಡಿನಿಂದ ಮಾರುಕಟ್ಟೆ ಶೇ 9 ಕೇಳತೊಡಗಿದರೆ, ಐದು ವರ್ಷಕ್ಕೆ ಹಣ ಬರುತ್ತದೆ ಎಂದು ನಂಬಿದಾಗ ಅದರ ಬೆಲೆ ಸುಮಾರು 96 ರೂಪಾಯಿ 10 ಪೈಸೆ. ಎಂದೂ ಬರುವುದಿಲ್ಲ ಎಂದುಕೊಂಡರೆ 88 ರೂಪಾಯಿ 90 ಪೈಸೆ. ಫಂಡ್‌ಗಳ ಬಳಿ ಇದ್ದ ಬಾಂಡ್‌ಗಳ ಮೌಲ್ಯ ಒಮ್ಮೆಲೇ ಕುಸಿದೀತು ಎಂಬ ಭಯದಿಂದ ಹಣಕಾಸು ಸಚಿವಾಲಯ ಆ ನಿಯಮವನ್ನು ಹಿಂಪಡೆಯುವಂತೆ ಸೆಬಿಯನ್ನು ಕೇಳಿತು. ಅದೇ ತಿಂಗಳು ಸೆಬಿ ನಿಯಮವನ್ನು ಸಡಿಲಿಸಿ, ಮೊದಲು 10 ವರ್ಷ, ನಂತರ 20, 30 ಎಂದು ಹಂತಹಂತವಾಗಿ ಏರಿಸಿ 2023ರ ಏಪ್ರಿಲ್‌ನಿಂದ 100 ವರ್ಷಕ್ಕೆ ತಲುಪುವ ವ್ಯವಸ್ಥೆ ಮಾಡಿತು. ಕೊನೆಗೆ 2024ರ ಆಗಸ್ಟ್‌ನಲ್ಲಿ, ಎಟಿ1 ಬಾಂಡ್‌ಗಳ ಬೆಲೆಯನ್ನು ವೈಟಿಸಿ ಆಧಾರದ ಮೇಲೆ ಕಟ್ಟಬೇಕು ಎಂದು ಹೇಳಿತು. ಮಾರುಕಟ್ಟೆಯಲ್ಲಿ ವ್ಯಾಪಾರ ನಡೆಯುವುದು ಹಾಗೆಯೇ ಆದ್ದರಿಂದ ಬೆಲೆ ಕಟ್ಟುವ ಕ್ರಮವಾಗಿ ಇದು ಸರಿಯಾದ ತೀರ್ಮಾನವೇ. ಆದರೆ ಬೆಲೆ ಕಟ್ಟುವ ಕ್ರಮ ಬೇರೆ, ಹಣ ಬರುತ್ತದೆ ಎಂಬ ಖಾತರಿ ಬೇರೆ.

ಮೇಲಿನ ಉದಾಹರಣೆಯಲ್ಲಿ 96 ರೂಪಾಯಿ 10 ಪೈಸೆ ಕೊಟ್ಟವರಿಗೆ ಹೇಳಲಾಗುವ ಇಳುವರಿ ಶೇ 9. ಬ್ಯಾಂಕು ಐದನೇ ವರ್ಷ ಸುಮ್ಮನಿದ್ದರೆ ಅವರಿಗೆ ವರ್ಷಕ್ಕೆ 8 ರೂಪಾಯಿ ಬರುತ್ತಾ ಹೋಗುತ್ತದೆ, ಅಂದರೆ ಕೊಟ್ಟ ಬೆಲೆಯ ಮೇಲೆ ಶೇ 8.3. ಬ್ಯಾಂಕು ಸುಮ್ಮನಿರುವುದು ಹೊಸ ಬಂಡವಾಳ ದುಬಾರಿಯಾದ ಕಾಲದಲ್ಲೇ. ಆಗ ಬಾಂಡನ್ನು ಮಾರಿ ಹೊರಬರಲು ಹೊರಟರೆ ಸಿಗುವ ಬೆಲೆಯೂ ಕಡಿಮೆ. 2019ರ ಫೆಬ್ರವರಿಯಲ್ಲಿ ಸ್ಪೇನಿನ ಸಾಂತಂದೇರ್ ಬ್ಯಾಂಕ್ 150 ಕೋಟಿ ಯೂರೋ ಮೊತ್ತದ ಎಟಿ1 ಬಾಂಡನ್ನು ಮೊದಲ ಕಾಲ್ ದಿನದಂದು ತೀರಿಸುವುದಿಲ್ಲ ಎಂದು ಪ್ರಕಟಿಸಿದಾಗ, ಅಷ್ಟು ದೊಡ್ಡ ಬ್ಯಾಂಕು ಹೀಗೆ ಮಾಡೀತೆಂದು ಎಣಿಸದಿದ್ದ ಹೂಡಿಕೆದಾರರು ಅಸಮಾಧಾನಗೊಂಡರು. ಆದರೆ ಷರತ್ತಿನಲ್ಲಿ ಇದ್ದದ್ದು ಹಕ್ಕು ಮಾತ್ರ, ಬಾಧ್ಯತೆಯಲ್ಲ.

ಈ ಬಾಂಡ್‌ಗಳಲ್ಲಿ ಎರಡೂ ಇಳುವರಿಗಳ ವ್ಯಾಪ್ತಿಗೆ ಸಿಗದ ಅಪಾಯವೊಂದಿದೆ. ಬ್ಯಾಂಕು ಕುಸಿಯುವ ಹಂತ ತಲುಪಿದರೆ ಅಸಲನ್ನೇ ತೊಡೆದುಹಾಕಬಹುದು. 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕಿನ ಪುನಶ್ಚೇತನದ ವೇಳೆ ಸುಮಾರು 8,415 ಕೋಟಿ ರೂಪಾಯಿ ಮೌಲ್ಯದ ಎಟಿ1 ಬಾಂಡ್‌ಗಳನ್ನು ಹೀಗೆ ರದ್ದು ಮಾಡಲಾಯಿತು; ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಐದು ವರ್ಷದ ಠೇವಣಿಯಂತೆ ಭಾವಿಸಿ ಹಣ ತೊಡಗಿಸಿದ್ದ ಸಾಮಾನ್ಯ ಜನರೂ ಅದರಲ್ಲಿ ಇದ್ದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸೆಬಿ ಎಟಿ1 ಬಾಂಡ್‌ಗಳ ವ್ಯಾಪಾರಕ್ಕೆ ಕನಿಷ್ಠ 1 ಕೋಟಿ ರೂಪಾಯಿಯ ಮಿತಿ ಹಾಕಿದ್ದರಿಂದ ಈಗ ಸಣ್ಣ ಹೂಡಿಕೆದಾರರು ಇವನ್ನು ಮುಟ್ಟುವುದು ಹೆಚ್ಚಾಗಿ ಮ್ಯೂಚುವಲ್ ಫಂಡ್‌ಗಳ ಮೂಲಕ.

ಕಂಪನಿಗಳ ಸಾಮಾನ್ಯ ಕಾಲಬಲ್ ಬಾಂಡ್‌ಗಳನ್ನು ನೇರವಾಗಿ ಕೊಳ್ಳುವವರು ನೋಡಬೇಕಾದ್ದು ಬಾಂಡಿನ ಮಾಹಿತಿ ಪತ್ರದಲ್ಲಿ ಹಿಂಪಾವತಿಯ ಷರತ್ತುಗಳಿರುವ ಭಾಗ. ಕಾಲ್ ದಿನಾಂಕ ಒಂದೇ ಇರಬಹುದು, ಅಥವಾ ಮೊದಲ ದಿನಾಂಕದ ನಂತರ ಪ್ರತಿ ಬಡ್ಡಿ ದಿನದಂದೂ ಹಕ್ಕು ಮರುಕಳಿಸಬಹುದು. ಕಾಲ್ ಬೆಲೆ ವರ್ಷ ಕಳೆದಂತೆ ಇಳಿಯುತ್ತಾ ಮುಖಬೆಲೆಗೆ ಬರುವುದೂ ಉಂಟು: ಮೇಲಿನ ಬಾಂಡಿನಲ್ಲಿ ಮೂರನೇ ವರ್ಷ 1,020, ನಾಲ್ಕನೇ ವರ್ಷ 1,010, ಐದನೇ ವರ್ಷ 1,000 ಎಂದಿದ್ದರೆ, 1,120 ಕೊಟ್ಟವರ ಇಳುವರಿ ಕ್ರಮವಾಗಿ ಶೇ 6.13, 6.71 ಮತ್ತು 7.07 ಆಗುತ್ತದೆ. ಅಮೆರಿಕದ ಕಂಪನಿ ಬಾಂಡ್‌ಗಳಲ್ಲಿ ಹೆಚ್ಚಾಗಿ ಕಾಣುವ ಮೇಕ್-ಹೋಲ್ ಷರತ್ತು ಮಾತ್ರ ಬೇರೆ ಜಾತಿಯದು. ಅಲ್ಲಿ ಬಾಕಿ ಉಳಿದ ಬಡ್ಡಿ ಮತ್ತು ಅಸಲಿನ ಮೌಲ್ಯವನ್ನು ಸರ್ಕಾರಿ ಬಾಂಡಿನ ದರಕ್ಕೆ ಅಲ್ಪ ಪ್ರಮಾಣ ಸೇರಿಸಿ ಅಂದಂದಿಗೆ ಲೆಕ್ಕ ಹಾಕಿ ಕೊಡಬೇಕಾಗುತ್ತದೆ. ದರ ಇಳಿದಷ್ಟೂ ಕಂಪನಿ ಕೊಡಬೇಕಾದ ಮೊತ್ತವೂ ಏರುವುದರಿಂದ ಅಗ್ಗದ ಸಾಲಕ್ಕೆ ಬದಲಾಯಿಸುವ ಲಾಭ ಬಹುಪಾಲು ಇಲ್ಲವಾಗುತ್ತದೆ, ಹೂಡಿಕೆದಾರರು ವೈಟಿಎಂ ಅನ್ನೇ ನೆಚ್ಚಿಕೊಳ್ಳಬಹುದು. ಇನ್ನು ಕೊಟ್ಟ ಬೆಲೆಯನ್ನು ಲೆಕ್ಕಕ್ಕೆ ಹಾಕುವಾಗ, ಕಳೆದ ಬಡ್ಡಿ ದಿನದಿಂದ ಕೊಳ್ಳುವ ದಿನದವರೆಗೆ ಕೂಡಿಕೊಂಡ ಬಡ್ಡಿಯನ್ನು ಮಾರುವವರಿಗೆ ಕೊಟ್ಟಿದ್ದರೆ ಅದನ್ನು ಬೇರೆಯಾಗಿ ತೆಗೆದಿಡಬೇಕು. ಮುಂದಿನ ಬಡ್ಡಿ ಬಂದಾಗ ಅದು ವಾಪಸಾಗುತ್ತದೆ. ಅದನ್ನೂ ಬೆಲೆಯೊಳಗೆ ಸೇರಿಸಿಬಿಟ್ಟರೆ ಎರಡೂ ಇಳುವರಿಗಳು ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತವೆ. ಅವಧಿ ಚಿಕ್ಕದಾದ್ದರಿಂದ ವೈಟಿಸಿಯಲ್ಲಿ ಆ ತಪ್ಪು ಇನ್ನೂ ದೊಡ್ಡದಾಗಿರುತ್ತದೆ.